ಸ್ಕ್ಯಾನ್ ಮಾಡಿದ ಹಾಜರಿ ಪಟ್ಟಿಗಳಿಂದ ತಿಂಗಳಿಗೊಂದು ವರ್ಕ್‌ಬುಕ್: ನನ್ನ ನಂತರ ಈ ಕುರ್ಚಿಗೆ ಬರುವವರಿಗೆ

ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ನಾನು ಸಹಾಯಕನಾಗಿದ್ದೇನೆ. ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದೇನೆ. ಬರೆದಿಡುವುದು ಬೇಕಾದಷ್ಟಿದೆ, ಆದರೆ ಎಲ್ಲರೂ ಮತ್ತೆ ಮತ್ತೆ ಕೇಳುವುದು ಒಂದೇ. ರೈಟರ್‌ಗಳು ಕೈಯಲ್ಲಿ ತುಂಬಿ ಕಳಿಸುವ ಹಾಜರಿ ಹಾಳೆಗಳನ್ನು ಕಂಪ್ಯೂಟರಿಗೆ ಹಾಕಿ ಒಂದೇ ಎಕ್ಸೆಲ್ ಫೈಲ್ ಮಾಡುವುದು ಹೇಗೆ? ಅಕ್ಕಪಕ್ಕದ ತೋಟಗಳ ಆಫೀಸಿನವರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಹಾಗಾಗಿ ನನ್ನ ಜಾಗಕ್ಕೆ ಬರುವ ನಿಮಗೂ ಅವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸ್ಕ್ಯಾನ್ ಮಾಡುವುದು, ಎಕ್ಸೆಲ್‌ಗೆ ತರುವುದು ಇವೆಲ್ಲ ಒಂದು ದಿನದಲ್ಲಿ ಕಲಿಯಬಹುದು. ಕಷ್ಟ ಇರುವುದು ಬಂದ ಅಂಕಿ ಸರಿಯಾಗಿದೆಯಾ ಅಂತ ತಿಳಿಯುವುದರಲ್ಲಿ. ಒಂದು ಸೊನ್ನೆ ತಪ್ಪಿ ಬಿದ್ದರೆ ಲೈನ್‌ಮನೆಯಲ್ಲಿರುವ ಒಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಈ ಬರಹದಲ್ಲಿ ತಾಳೆ ನೋಡುವ ಭಾಗ ಜಾಸ್ತಿ ಇದೆ.

ಏನೇನು ಬೇಕು

ನಮ್ಮ ತೋಟದಲ್ಲಿ ಮೂರು ಡಿವಿಷನ್: ಬಾಣೆ, ಹೊಳೆ, ಬಂಗ್ಲೆ. ಪ್ರತಿ ಡಿವಿಷನ್‌ಗೆ ಒಬ್ಬ ರೈಟರ್. ಮೇಸ್ತ್ರಿ ಬೆಳಿಗ್ಗೆ ಆಳು ಎಣಿಸುತ್ತಾರೆ, ರೈಟರ್ ಹಾಳೆಯಲ್ಲಿ ಹಾಜರಿ ಹಾಕುತ್ತಾರೆ. ಪ್ರತಿಯೊಬ್ಬ ಕೆಲಸಗಾರರಿಗೂ ಒಂದು ಚೆಕ್‌ರೋಲ್ ನಂಬರ್ ಇದೆ. ಹಾಜರಿ ಪುಸ್ತಕದಲ್ಲಿ ಅವರನ್ನು ಗುರುತಿಸುವ ನಂಬರ್ ಅದು. ಕುಯ್ಲಿಗೆ ಅಂತ ಒಬ್ಬರನ್ನು ಬಾಣೆಯಿಂದ ಹೊಳೆಗೆ ಕಳಿಸಿದರೂ ನಂಬರ್ ಬದಲಾಗುವುದಿಲ್ಲ. ಕೆಲಸ ಬಿಟ್ಟವರ ನಂಬರನ್ನು ಹೊಸಬರಿಗೆ ಕೊಡುವುದೂ ಇಲ್ಲ. ಇದನ್ನು ದಯವಿಟ್ಟು ಮುರಿಯಬೇಡಿ. ನಮ್ಮಲ್ಲಿ ಲಕ್ಷ್ಮಿ ಅನ್ನುವವರು ಐದು ಜನ, ಮಣಿ ನಾಲ್ಕು ಜನ ಇದ್ದಾರೆ. ಹೆಸರು ನೋಡಿ ಲೆಕ್ಕ ಸೇರಿಸಲು ಹೋದರೆ ಒಬ್ಬರ ದಿನ ಇನ್ನೊಬ್ಬರಿಗೆ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ 365ರ ಎಕ್ಸೆಲ್ ಇದೆ. ಚಿತ್ರದಿಂದ ಅಂಕಿ ಓದುವ ಸೌಲಭ್ಯ ಅದರಲ್ಲಿದೆ, ಆದರೆ ಅದಕ್ಕೆ ಇಂಟರ್ನೆಟ್ ಬೇಕು. ಗಾಜಿನ ಮೇಲೆ ಹಾಳೆ ಮಲಗಿಸುವ ಸಾದಾ ಸ್ಕ್ಯಾನರ್ ಒಂದಿದೆ. `Hajari-Madari.xlsx` ಅನ್ನುವುದು ಖಾಲಿ ಮಾದರಿ ಫೈಲ್. ಅದರೊಳಗೆ ಆರು ಹಾಳೆಗಳಿವೆ: `Patti`, `Kacha`, `Bane`, `Hole`, `Bangle`, `Ottu`. `Patti`ಯಲ್ಲಿ ಎಲ್ಲರ ನಂಬರ್ ಮತ್ತು ಹೆಸರು. `Kacha` ಹೊಸದಾಗಿ ಓದಿದ ಅಂಕಿಗಳನ್ನು ಇಳಿಸುವ ಜಾಗ. `Ottu`ವಿನಲ್ಲಿ ಮೂರೂ ಡಿವಿಷನ್ ಸೇರುತ್ತವೆ.

ತಾರೀಕುಗಳನ್ನು ನೆನಪಿಡಿ. ತಿಂಗಳ ಕೊನೆಯ ದಿನ ಸಂಜೆ ಹಾಳೆ ಕೈಗೆ ಬರಬೇಕು. 3ನೇ ತಾರೀಕಿಗೆ ವರ್ಕ್‌ಬುಕ್ ಮುಗಿದು ಅಕೌಂಟೆಂಟ್ ಕೈಯಲ್ಲಿರಬೇಕು. 7ರೊಳಗೆ ಬಟವಾಡೆ, 15ರೊಳಗೆ ಪಿ.ಎಫ್. ಇವೆರಡನ್ನೂ ಮುಂದೆ ಹಾಕಲು ಬರುವುದಿಲ್ಲ.

1. ಹಾಳೆ ತುಂಬುವ ರೀತಿ

ಅರ್ಧ ಕೆಲಸ ಇಲ್ಲೇ ಇದೆ. ಹಾಳೆ ಚೆನ್ನಾಗಿ ತುಂಬಿದ್ದರೆ ಮುಂದಿನದು ಸಲೀಸು.

ಮುಂದಿನ ತಿಂಗಳ ಖಾಲಿ ಹಾಳೆಗಳನ್ನು ನಾವೇ ಪ್ರಿಂಟ್ ಮಾಡಿ ಕೊಡುತ್ತೇವೆ. ನಂಬರ್, ಹೆಸರು ಅಚ್ಚಾಗಿರುತ್ತವೆ, ರೈಟರ್ ಅಂಕಿ ಮಾತ್ರ ಹಾಕಬೇಕು. ಒಂದು ಎ4 ಹಾಳೆಯಲ್ಲಿ 31 ಮನೆ ಮಾಡಿದರೆ ಮನೆ ತೀರಾ ಕಿರಿದಾಗುತ್ತದೆ, ಅಂಕಿ ಗೆರೆಗೆ ತಾಗುತ್ತದೆ. ಆದ್ದರಿಂದ 1ರಿಂದ 15ರವರೆಗೆ ಒಂದು ಹಾಳೆ, 16ರಿಂದ ಕೊನೆಯವರೆಗೆ ಇನ್ನೊಂದು.

ಹಾಕುವ ಗುರುತು ಮೂರೇ: ಪೂರ್ತಿ ದಿನಕ್ಕೆ 1, ಅರ್ಧ ದಿನಕ್ಕೆ 0.5, ಬರದಿದ್ದರೆ 0. ಭಾನುವಾರಕ್ಕೂ ರಜೆ ದಿನಕ್ಕೂ 0 ಬರೆಯಲೇಬೇಕು. ಖಾಲಿ ಬಿಡುವುದಾಗಲಿ, ಉದ್ದಕ್ಕೆ ಒಂದು ಗೆರೆ ಎಳೆಯುವುದಾಗಲಿ ಬೇಡ. ಕಾರಣ 5ನೇ ಹಂತದಲ್ಲಿ ಹೇಳುತ್ತೇನೆ. ಸಂಬಳದ ರಜೆಯ ಕೂಲಿಯನ್ನು ಅಕೌಂಟೆಂಟ್ ಸಂಬಳದ ಪುಸ್ತಕದಲ್ಲೇ ಸೇರಿಸುತ್ತಾರೆ, ಇಲ್ಲಿ ಸೇರಿಸಬಾರದು.

ಅರ್ಧ ದಿನಕ್ಕೆ 1/2 ಅಂತ ಬರೆಯುವ ಅಭ್ಯಾಸ ಹಳೆಯ ರೈಟರ್‌ಗಳಿಗೆ ಇದೆ. ಎಕ್ಸೆಲ್ ಅದನ್ನು ಫೆಬ್ರವರಿ 1 ಅಂತ ತಿಳಿದುಕೊಳ್ಳುತ್ತದೆ. ಎಕ್ಸೆಲ್ ಒಳಗೆ ತಾರೀಕು ಅಂದರೆ ಒಂದು ದೊಡ್ಡ ಸಂಖ್ಯೆ, 2026ರ ಫೆಬ್ರವರಿ 1 ಅಂದರೆ 46054. ಯಾರದಾದರೂ ಒಟ್ಟು ಹಾಜರಿ 46 ಸಾವಿರ ದಾಟಿದರೆ ಗಾಬರಿಯಾಗಬೇಡಿ, ಆ ಸಾಲಿನಲ್ಲಿ ಎಲ್ಲೋ ಒಂದು 1/2 ಇದೆ ಅಂತ ಅರ್ಥ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ರೈಟರ್ ಎರಡು ಕಡೆ ಮೊತ್ತ ಬರೆಯಬೇಕು. ಬಲಗಡೆ ಪ್ರತಿಯೊಬ್ಬರ ಒಟ್ಟು ದಿನ. ಕೆಳಗಡೆ ಪ್ರತಿ ದಿನದ ಒಟ್ಟು ಆಳು. ಬಲಗಡೆಯದನ್ನು ಅಡ್ಡ ಲೆಕ್ಕ, ಕೆಳಗಡೆಯದನ್ನು ಉದ್ದ ಲೆಕ್ಕ ಅಂತ ನಾವು ಕರೆಯುತ್ತೇವೆ. ಇವೆರಡೂ ಇಲ್ಲದ ಹಾಳೆಯನ್ನು ತೆಗೆದುಕೊಳ್ಳಬೇಡಿ. ಅಲ್ಲೇ ಕೂರಿಸಿ ಚಾ ಕೊಟ್ಟು ಬರೆಸಿಕೊಳ್ಳಿ. ಉದ್ದ ಲೆಕ್ಕವನ್ನು ಅವರು ಹಾಳೆಯಿಂದಲೇ ಕೂಡಿಸದೆ ಮೇಸ್ತ್ರಿ ಆ ದಿನ ಹೇಳಿದ ಎಣಿಕೆಯಿಂದ ಬರೆದರೆ ಇನ್ನೂ ಒಳ್ಳೆಯದು. ಆಗ ರೈಟರ್ ತಪ್ಪೂ ಸಿಗುತ್ತದೆ.

2. ಸ್ಕ್ಯಾನ್

300 ಡಿ.ಪಿ.ಐ., ಬೂದು ಬಣ್ಣದ ಆಯ್ಕೆ, ಒಂದು ಹಾಳೆಗೆ ಒಂದು ಫೈಲ್. ಡಿ.ಪಿ.ಐ. ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. 150ಕ್ಕೆ ಇಳಿಸಿದರೆ 0.5ರ ಚುಕ್ಕಿ ಮಾಯವಾಗುವುದು ಜಾಸ್ತಿ.

ನಮ್ಮ ಸ್ಕ್ಯಾನರ್ ಸುಮ್ನೆ ಬಿಟ್ಟರೆ ಪಿ.ಡಿ.ಎಫ್. ಮಾಡುತ್ತದೆ. ಅದನ್ನು ಜೆಪೆಗ್‌ಗೆ ಬದಲಿಸಿ. ಎಕ್ಸೆಲ್‌ನಲ್ಲಿ `From PDF` ಅಂತ ಒಂದು ಆಯ್ಕೆ ಕಾಣುತ್ತದೆ, ಅದಕ್ಕೆ ಮರುಳಾಗಬೇಡಿ. ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಹುಟ್ಟಿದ ಪಿ.ಡಿ.ಎಫ್.ಗೆ ಮಾತ್ರ ಅದು ಸರಿ. ಸ್ಕ್ಯಾನ್ ಮಾಡಿದ ಪಿ.ಡಿ.ಎಫ್. ಒಳಗೆ ಇರುವುದು ಫೋಟೋ, ಅಲ್ಲಿ ಅದಕ್ಕೆ ಓದಲು ಏನೂ ಸಿಗುವುದಿಲ್ಲ.

ಮಳೆಗಾಲದಲ್ಲಿ ಹಾಳೆ ತೇವ ಹೀರಿಕೊಂಡು ಅಲೆಅಲೆಯಾಗಿ ಬರುತ್ತದೆ. ಹಾಗೇ ಸ್ಕ್ಯಾನ್ ಮಾಡಿದರೆ ಗೆರೆ ಬಾಗಿ, ಒಂದು ಸಾಲು ಎರಡಾಗಿ ಓದಿಸಿಕೊಳ್ಳುತ್ತದೆ. ರಾತ್ರಿ ದಪ್ಪ ಲೆಡ್ಜರ್ ಕೆಳಗೆ ಇಟ್ಟು ಬೆಳಿಗ್ಗೆ ಸ್ಕ್ಯಾನ್ ಮಾಡಿ. ಗಾಜನ್ನೂ ಒಣಬಟ್ಟೆಯಲ್ಲಿ ಒರೆಸಿ, ಜುಲೈ ತಿಂಗಳಲ್ಲಿ ಅದರ ಮೇಲೆ ಮಂಜು ಕಟ್ಟಿರುತ್ತದೆ. ಕುಯ್ಲಿನ ತಿಂಗಳಲ್ಲಿ ಹಣ್ಣಿನ ಅಂಟು, ಧೂಳು ಸೇರಿ ಕಂದು ಕಲೆ ಬಿದ್ದಿರುತ್ತದೆ. ಕಲೆ ಬಿದ್ದ ಮನೆಗಳನ್ನು ಒಂದು ಚೀಟಿಯಲ್ಲಿ ಗುರುತು ಮಾಡಿಟ್ಟುಕೊಳ್ಳಿ, ಮುಂದೆ ತಪ್ಪು ಬರುವುದು ಅಲ್ಲೇ.

ಫೈಲ್ ಹೆಸರು ಹೀಗಿರಲಿ: `2026-01-Bane-1.jpg`. ವರ್ಷ, ತಿಂಗಳು, ಡಿವಿಷನ್, ಮೊದಲ ಅರ್ಧವೋ ಎರಡನೆಯದೋ.

3. ಚಿತ್ರದಿಂದ ಅಂಕಿ

ಮೊದಲು ಮಾದರಿ ಫೈಲನ್ನು `Hajari-2026-01.xlsx` ಅಂತ ಬೇರೆ ಹೆಸರಿನಲ್ಲಿ ಉಳಿಸಿ. ಹೋದ ತಿಂಗಳ ಫೈಲನ್ನೇ ತೆರೆದು ಹೆಸರು ಬದಲಿಸುವ ಕೆಲಸ ಬೇಡ. ಯಾವುದೋ ಒಂದು ಸಾಲಿನಲ್ಲಿ ಹಳೆಯ ಅಂಕಿ ಉಳಿದುಬಿಟ್ಟರೆ ಅದು ಸರಿಯಾದ ಅಂಕಿಯ ಹಾಗೇ ಕಾಣುತ್ತದೆ.

ಸ್ಕ್ಯಾನ್ ಮಾಡಿದ ಚಿತ್ರವನ್ನು ಕತ್ತರಿಸಿ ಅಂಕಿಯ ಚೌಕ ಮಾತ್ರ ಉಳಿಸಿಕೊಳ್ಳಿ. ಕನ್ನಡದ ಹೆಸರುಗಳ ಕಾಲಂ, ತಲೆಬರಹ, ಮೊತ್ತದ ಸಾಲು ಯಾವುದೂ ಬೇಡ. ಹೆಸರುಗಳನ್ನು ಎಕ್ಸೆಲ್ ಓದಲು ಹೋಗಿ ಏನೇನೋ ಅಕ್ಷರ ತರುತ್ತದೆ, ಅದರ ಜೊತೆಗೆ ಸಾಲುಗಳೂ ಕಲಸಿಹೋಗುತ್ತವೆ. ಹೆಸರು ಹೇಗೂ ನಮ್ಮ `Patti`ಯಲ್ಲಿ ಇದೆ ಅಲ್ವಾ.

ಆಮೇಲೆ `Kacha` ಹಾಳೆಯ A1 ಮನೆಯಲ್ಲಿ ನಿಂತು `Data`, `From Picture`, `Picture From File` ಒತ್ತಿ ಚಿತ್ರ ಆರಿಸಿ. ಬಲಗಡೆ ಒಂದು ಪಟ್ಟಿ ತೆರೆಯುತ್ತದೆ. ಅನುಮಾನ ಇರುವ ಮನೆಗಳಿಗೆ ಅದೇ ಬಣ್ಣ ಹಚ್ಚಿರುತ್ತದೆ. `Review` ಒತ್ತಿದರೆ ಒಂದೊಂದಾಗಿ ಚಿತ್ರದ ತುಂಡಿನ ಜೊತೆ ತೋರಿಸುತ್ತದೆ. ಸರಿ ಇದ್ದರೆ `Accept`, ಇಲ್ಲದಿದ್ದರೆ ತಿದ್ದಿ. ಎಲ್ಲ ಮುಗಿದ ಮೇಲೆ `Insert Data`.

ಬಣ್ಣ ಹಚ್ಚಿದ ಮನೆಗಳಲ್ಲೇ ಎಲ್ಲ ತಪ್ಪೂ ಇರುತ್ತದೆ ಅಂದುಕೊಳ್ಳಬೇಡಿ. ಕೈಬರಹದ 1ನ್ನು ಅದು 7 ಅಂತ ಯಾವ ಅನುಮಾನವೂ ಇಲ್ಲದೆ ಓದಿಬಿಡುತ್ತದೆ.

ಈಗ ಒಂದು ನಿಮಿಷ ನಿಂತು ಎಣಿಸಿ. 1ರಿಂದ 15ರ ಹಾಳೆಯಾದರೆ 15 ಕಾಲಂ, ಜನವರಿಯ 16ರಿಂದ 31ರ ಹಾಳೆಯಾದರೆ 16 ಕಾಲಂ. ಬಾಣೆಯಲ್ಲಿ 42 ಜನ ಇದ್ದರೆ 42 ಸಾಲು. ಒಂದೇ ಒಂದು ಹೆಚ್ಚುಕಡಿಮೆ ಇದ್ದರೂ ಮುಂದೆ ಹೋಗಬೇಡಿ.

ಎಣಿಕೆ ಸರಿ ಇದ್ದರೆ ಆ ಚೌಕವನ್ನು ಕಾಪಿ ಮಾಡಿ, ಡಿವಿಷನ್ ಹಾಳೆಯಲ್ಲಿ ಅದರ ಜಾಗಕ್ಕೆ `Paste Special`, `Values` ಮೂಲಕ ಇಳಿಸಿ. `Kacha`ವನ್ನು ಖಾಲಿ ಮಾಡಿ ಮುಂದಿನ ಚಿತ್ರಕ್ಕೆ ಹೋಗಿ.

ಒಂದು ಹಾಳೆಯಲ್ಲಿ ತಿದ್ದುವುದೇ ಜಾಸ್ತಿಯಾದರೆ ಹಠ ಮಾಡಬೇಡಿ. ಚಿತ್ರವನ್ನು ಒಂದು ಪಕ್ಕದಲ್ಲಿ ತೆರೆದಿಟ್ಟು ಕೈಯಲ್ಲೇ ಟೈಪ್ ಮಾಡಿ. ಬಾಣೆಯ ಅರ್ಧ ತಿಂಗಳು ಅಂದರೆ 630 ಮನೆ, ಅಷ್ಟೇನೂ ಕಷ್ಟವಿಲ್ಲ. ಮಳೆಗೆ ನೆಟ್ ಹೋದಾಗಲೂ ಇದೇ ದಾರಿ. ಮುಂದಿನ ತಾಳೆ ಎರಡಕ್ಕೂ ಒಂದೇ.

4. ಡಿವಿಷನ್ ಹಾಳೆಯ ಒಳಗೆ

ಮೂರೂ ಡಿವಿಷನ್ ಹಾಳೆಗಳ ಜೋಡಣೆ ಒಂದೇ. A ಕಾಲಂನಲ್ಲಿ ಚೆಕ್‌ರೋಲ್ ನಂಬರ್, Bಯಲ್ಲಿ ಹೆಸರು. Cಯಿಂದ AGವರೆಗೆ 1ರಿಂದ 31ನೇ ತಾರೀಕು. ಜನರ ಸಾಲು 5ರಿಂದ ಶುರು. AH ಕಾಲಂ ಎಕ್ಸೆಲ್ ಕೂಡಿಸಿದ ಒಟ್ಟು, AI ಕಾಲಂ ಕಾಗದದಲ್ಲಿ ರೈಟರ್ ಬರೆದ ಒಟ್ಟು, AJ ಅವೆರಡರ ವ್ಯತ್ಯಾಸ. AK ಕಾಲಂ ಆ ಸಾಲಿನಲ್ಲಿ ಎಷ್ಟು ಮನೆಯಲ್ಲಿ ನಿಜವಾದ ಅಂಕಿ ಇದೆ ಅಂತ ಎಣಿಸುತ್ತದೆ.

```
AH5:  =SUM(C5:AG5)
AJ5:  =AI5-AH5
AK5:  =COUNT(C5:AG5)
```

ಉದ್ದ ಲೆಕ್ಕವನ್ನು ಮೇಲಿಟ್ಟಿದ್ದೇನೆ, ಜನ ಹೆಚ್ಚಾದರೂ ಜಾಗ ಬದಲಿಸಬೇಕಾಗಿಲ್ಲ ಅಂತ. 2ನೇ ಸಾಲು ಎಕ್ಸೆಲ್ ಕೂಡಿಸಿದ ಆ ದಿನದ ಆಳು, 3ನೇ ಸಾಲು ಕಾಗದದಲ್ಲಿರುವುದು, 1ನೇ ಸಾಲು ವ್ಯತ್ಯಾಸ.

```
C2:  =SUM(C5:C80)
C1:  =C3-C2
```

AI ಕಾಲಂ ಮತ್ತು 3ನೇ ಸಾಲು, ಇವೆರಡನ್ನು ಮಾತ್ರ ಯಾವಾಗಲೂ ಕಾಗದ ನೋಡಿ ಕೈಯಲ್ಲೇ ಟೈಪ್ ಮಾಡಿ, ಚಿತ್ರದಿಂದ ತರಬೇಡಿ. ತಾಳೆ ನೋಡುವ ಅಂಕಿಯೂ ಅದೇ ಯಂತ್ರದಿಂದ ಬಂದರೆ ತಾಳೆಗೆ ಬೆಲೆಯಿಲ್ಲ. ಒಬ್ಬರ ಒಟ್ಟು ಎರಡು ಹಾಳೆಯಲ್ಲಿ ಇರುವುದರಿಂದ AIಯಲ್ಲಿ `=12.5+13` ಹೀಗೆ ಎರಡನ್ನೂ ಕಾಣುವಂತೆ ಹಾಕಿ. ಮುಂದೆ ಯಾವ ಹಾಳೆ ತೆಗೆದು ನೋಡಬೇಕು ಅಂತ ತಿಳಿಯಲು ಸುಲಭ.

ಇನ್ನೊಂದು ಸೂತ್ರ AK1ರಲ್ಲಿದೆ. 0, 0.5, 1 ಬಿಟ್ಟು ಬೇರೆ ಅಂಕಿ ಎಷ್ಟಿವೆ ಅಂತ ಅದು ಹೇಳುತ್ತದೆ. ಅದು ಸೊನ್ನೆ ಆಗಬೇಕು.

```
=COUNT(C5:AG80)-COUNTIF(C5:AG80,0)
 -COUNTIF(C5:AG80,0.5)-COUNTIF(C5:AG80,1)
```

5. ತಾಳೆ

ಕ್ರಮ ಇದು: ಮೊದಲು AK ಕಾಲಂ, ಆಮೇಲೆ AK1, ಆಮೇಲೆ AJ ಕಾಲಂ, ಕೊನೆಗೆ 1ನೇ ಸಾಲು.

AK ಕಾಲಂ ಎಲ್ಲ ಸಾಲಿನಲ್ಲೂ ತಿಂಗಳ ದಿನಗಳಷ್ಟೇ ಇರಬೇಕು, ಜನವರಿಗೆ 31. ಒಬ್ಬರಿಗೆ 30 ಅಂತ ಬಂದರೆ ಒಂದು ಮನೆ ಖಾಲಿ ಇದೆ, ಇಲ್ಲವೇ ಅಂಕಿಯ ಬದಲು ಅಕ್ಷರ ಇದೆ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ, ಒಂದರ ಜಾಗದಲ್ಲಿ ಚಿಕ್ಕ ಎಲ್ ಬಂದು ಕೂತಿರುತ್ತವೆ. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಅಂಕಿ ಮನೆಯ ಬಲಕ್ಕೆ ಅಂಟಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ ಅಂಟುತ್ತದೆ. ಸಾಲಿನ ಮೇಲೆ ಕಣ್ಣು ಓಡಿಸಿದರೆ ಎಡಕ್ಕೆ ಸರಿದದ್ದು ತಕ್ಷಣ ಕಾಣುತ್ತದೆ. ಇದು ಸರಿಯಾದ ಮೇಲೆಯೇ AK1 ನೋಡಿ. ಅಕ್ಷರರೂಪದ 1ನ್ನೂ `COUNTIF` ಒಂದು ಅಂತಲೇ ಎಣಿಸಿಬಿಡುತ್ತದೆ, ಆದರೆ `SUM` ಅದನ್ನು ಕೂಡಿಸುವುದಿಲ್ಲ. ಹಾಗಾಗಿ ಮೊದಲೇ AK1 ನೋಡಿದರೆ ಅದು ತಪ್ಪು ಹೇಳುತ್ತದೆ.

AJಯಲ್ಲಿ ಬರುವ ವ್ಯತ್ಯಾಸವೇ ಎಷ್ಟೋ ಸಲ ಕಾರಣ ಹೇಳುತ್ತದೆ. −4.5 ಬಂದರೆ ಒಂದು 0.5ರ ಚುಕ್ಕಿ ಬಿದ್ದು 5 ಆಗಿದೆ. −6 ಬಂದರೆ 1 ಏಳಾಗಿದೆ ಅಥವಾ 0 ಆರಾಗಿದೆ. 1 ಬಂದರೆ ಒಂದು ದಿನ ಸೊನ್ನೆಯಾಗಿದೆ. ಈ ಕೊನೆಯದೇ ಕಷ್ಟದ್ದು, ಯಾಕೆಂದರೆ 0 ಕೂಡ ಒಪ್ಪುವ ಅಂಕಿಯೇ, AK1 ಸುಮ್ಮನಿರುತ್ತದೆ.

ಜನವರಿಯ ಬಾಣೆ ಹಾಳೆಯನ್ನೇ ನೋಡಿ. 19ನೇ ಸಾಲು, ಚೆಕ್‌ರೋಲ್ 147. ಕಾಗದದಲ್ಲಿ 12.5 ಮತ್ತು 13, ಒಟ್ಟು 25.5. ಎಕ್ಸೆಲ್‌ನಲ್ಲಿ 24.5. ವ್ಯತ್ಯಾಸ 1. ಈಗ 1ನೇ ಸಾಲಿಗೆ ಹೋದರೆ 9ನೇ ತಾರೀಕಿನ ಕೆಳಗೆ ಮಾತ್ರ 1 ಇದೆ: ಕಾಗದದಲ್ಲಿ 37.5 ಆಳು, ಎಕ್ಸೆಲ್‌ನಲ್ಲಿ 36.5. 9ನೇ ತಾರೀಕು ಅಂದರೆ K ಕಾಲಂ. ಅಡ್ಡ ಮತ್ತು ಉದ್ದ ಕೂಡುವ ಜಾಗ K19. ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ, ತೆಳ್ಳಗಿನ ಒಂದು 1, ಅದರ ಸುತ್ತ ಉಂಗುರದ ಹಾಗೆ ಕಂದು ಕಲೆ. ಯಂತ್ರ ಉಂಗುರವನ್ನೇ ಸೊನ್ನೆ ಅಂತ ಓದಿದೆ. 1302 ಮನೆಗಳಲ್ಲಿ ಆ ಒಂದು ಮನೆ ಸಿಗಲು ಎರಡು ನಿಮಿಷ ಸಾಕಾಯಿತು.

ಅಡ್ಡದಲ್ಲಿ ವ್ಯತ್ಯಾಸ ಇದ್ದು ಉದ್ದದಲ್ಲಿ ಏನೂ ಇಲ್ಲದಿದ್ದರೆ ಬೇರೆ ಕಥೆ. ಒಬ್ಬರದೇ ಸಾಲಿನಲ್ಲಿ ಹಾಗಿದ್ದರೆ ಹೆಚ್ಚಾಗಿ ರೈಟರ್ ಕೂಡಿಸುವಾಗ ತಪ್ಪಿರುತ್ತಾರೆ, ಆ ಸಾಲನ್ನು ಕಾಗದದಲ್ಲೇ ಮತ್ತೊಮ್ಮೆ ಕೂಡಿಸಿ. ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ −1 ಬಂದರೆ ಒಬ್ಬರ ದಿನ ಮೇಲಿನ ಅಥವಾ ಕೆಳಗಿನವರಿಗೆ ಬಿದ್ದಿದೆ. ಆ ದಿನದ ಒಟ್ಟು ಆಳು ಬದಲಾಗುವುದಿಲ್ಲ, ಅದಕ್ಕೇ ಉದ್ದ ಲೆಕ್ಕ ಸುಮ್ಮನಿರುತ್ತದೆ. ಕೈಯಲ್ಲಿ ಟೈಪ್ ಮಾಡಿದಾಗ ಇದು ಜಾಸ್ತಿ ಆಗುತ್ತದೆ, ಕಣ್ಣು ಒಂದು ಸಾಲು ಜಾರುತ್ತದೆ.

ಇದರ ತಿರುಗುಮುರುಗು ಇನ್ನೂ ಅಪಾಯದ್ದು: ಎಲ್ಲರ ಅಡ್ಡ ಲೆಕ್ಕ ಸರಿ, ಉದ್ದ ಲೆಕ್ಕ ಮಾತ್ರ ಹಲವು ದಿನ ತಪ್ಪು. ಹೊಳೆ ಡಿವಿಷನ್‌ನಲ್ಲಿ ನನಗೇ ಹೀಗಾಯಿತು. 18ನೇ ತಾರೀಕು ಭಾನುವಾರ, ಆ ಕಾಲಂ ಪೂರ್ತಿ ಖಾಲಿ ಬಿಟ್ಟಿದ್ದರು. ಚಿತ್ರ ಓದುವಾಗ ಎಕ್ಸೆಲ್ ಖಾಲಿ ಕಾಲಂ ಅನ್ನು ಕಾಲಂ ಅಂತಲೇ ತಿಳಿಯದೆ ಬಿಟ್ಟುಬಿಟ್ಟಿತು. 19ರ ಹಾಜರಿ 18ಕ್ಕೆ, 20ರದು 19ಕ್ಕೆ, ಹೀಗೆ ಕೊನೆಯವರೆಗೂ ಎಲ್ಲ ಒಂದು ಮನೆ ಎಡಕ್ಕೆ ಸರಿದವು. ನಾನು ಕಾಲಂ ಎಣಿಸದೆ ಮುಂದೆ ಹೋಗಿದ್ದೆ. ಒಬ್ಬರ ಒಟ್ಟು ದಿನವೂ ಬದಲಾಗಲಿಲ್ಲ, AJ ಪೂರ್ತಿ ಸೊನ್ನೆ. ಆದರೆ AK ಎಲ್ಲ ಸಾಲಿನಲ್ಲೂ 30. ಮೇಲೆ 18ರಲ್ಲಿ −33, 26ರಲ್ಲಿ −34.

ಒಟ್ಟು ಸರಿ ಇದೆಯಲ್ಲ, ದಿನ ಹಿಂದೆಮುಂದೆ ಆದರೆ ಏನು ಅಂತ ಅನ್ನಿಸಬಹುದು. 26 ಗಣರಾಜ್ಯೋತ್ಸವ. ರಾಷ್ಟ್ರೀಯ ರಜೆಯ ದಿನ ದುಡಿಸಿದರೆ ದುಪ್ಪಟ್ಟು ಕೂಲಿ ಇಲ್ಲವೇ ಬದಲಿ ರಜೆ ಕೊಡಬೇಕು. 27ರ ಹಾಜರಿ 26ಕ್ಕೆ ಬಂದು ಕೂತಿದ್ದರಿಂದ ಆ ದಿನ 34 ಜನ ದುಡಿದ ಹಾಗೆ ಕಾಣುತ್ತಿತ್ತು. ಕುಯ್ಲಿನ ತೂಕದ ಪುಸ್ತಕದ ಜೊತೆಗೂ ಒಂದು ದಿನವೂ ತಾಳೆಯಾಗುತ್ತಿರಲಿಲ್ಲ.

ಸರಿಪಡಿಸುವಾಗ ಒಂದು ಎಚ್ಚರಿಕೆ. 18ರ ಕಾಲಂ T. 5ನೇ ಸಾಲಿನಿಂದ ಕೆಳಗೆ Tಯಿಂದ AFವರೆಗಿನ ಅಂಕಿಗಳನ್ನು ಕಾಪಿ ಮಾಡಿ U5ರಲ್ಲಿ `Values` ಆಗಿ ಇಳಿಸಿ, ಆಮೇಲೆ Tಯಲ್ಲಿ ಜನರ ಸಾಲುಗಳಿಗೆಲ್ಲ 0 ತುಂಬಿ. `Cut` ಮಾಡಬೇಡಿ. ಕತ್ತರಿಸಿ ಬೇರೆ ಕಡೆ ಅಂಟಿಸಿದರೆ ಆ ಮನೆಗಳನ್ನು ನೋಡುತ್ತಿದ್ದ ಸೂತ್ರಗಳೂ ಅವುಗಳ ಹಿಂದೆ ಹೋಗಿ ಕೆಡಬಹುದು. ಅಂಕಿ ಸರಿ ಕಾಣುತ್ತದೆ, ಮೊತ್ತ ತಪ್ಪಿರುತ್ತದೆ.

ಇಷ್ಟೆಲ್ಲ ಮಾಡಿದರೂ ಸಿಗದ ತಪ್ಪು ಒಂದಿದೆ. ಬಂದವರಿಗೆ ರೈಟರ್ ಕಾಗದದಲ್ಲೇ ಸೊನ್ನೆ ಹಾಕಿ, ಮೊತ್ತವನ್ನೂ ಅದಕ್ಕೆ ಸರಿಯಾಗಿ ಬರೆದಿದ್ದರೆ ವರ್ಕ್‌ಬುಕ್‌ಗೆ ಗೊತ್ತಾಗುವುದಿಲ್ಲ. ಕುಯ್ಲಿನ ತಿಂಗಳುಗಳಲ್ಲಿ ತೂಕದ ಪುಸ್ತಕ ಸಹಾಯಕ್ಕೆ ಬರುತ್ತದೆ. ಆ ದಿನ ಹಣ್ಣು ತೂಗಿದ್ದಾರೆ, ಹಾಜರಿ ಸೊನ್ನೆ ಅಂತಿದ್ದರೆ ಕೇಳಿ. ಮರಗಸಿ, ಕಳೆ, ಗೊಬ್ಬರದ ತಿಂಗಳುಗಳಲ್ಲಿ ಮೇಸ್ತ್ರಿಯ ಕಿಸೆ ಪುಸ್ತಕ ಬಿಟ್ಟರೆ ಬೇರೆ ದಾರಿಯಿಲ್ಲ.

ಕಾಗದದಲ್ಲಿ ತಪ್ಪು ಸಿಕ್ಕಿದರೆ ಎಕ್ಸೆಲ್‌ನಲ್ಲಿ ಮಾತ್ರ ತಿದ್ದಿ ಮುಗಿಸಬೇಡಿ. ಹಾಳೆ ರೈಟರ್‌ಗೆ ವಾಪಸ್ ಹೋಗಲಿ. ಅವರು ಹಳೆಯ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಲಿ. ಅದನ್ನು ಮತ್ತೆ ಸ್ಕ್ಯಾನ್ ಮಾಡಿ. ನಾಳೆ ಯಾರಾದರೂ ಕೂಲಿ ಕಡಿಮೆ ಬಂತು ಅಂತ ಕೇಳಲು ಬಂದಾಗ ಕಾಗದ, ಚಿತ್ರ, ವರ್ಕ್‌ಬುಕ್ ಮೂರೂ ಒಂದೇ ಮಾತು ಹೇಳಬೇಕು.

6. ಮೂರನ್ನೂ ಸೇರಿಸುವುದು

`Ottu` ಹಾಳೆಯಲ್ಲಿ ಅಂಕಿ ಟೈಪ್ ಮಾಡುವುದೇ ಇಲ್ಲ. A ಕಾಲಂನಲ್ಲಿ `Patti`ಯ ಎಲ್ಲ ನಂಬರ್‌ಗಳಿವೆ. ಪ್ರತಿ ಮನೆಯಲ್ಲೂ ಈ ಸೂತ್ರ:

```
=SUMIF(Bane!$A$5:$A$80,$A5,Bane!C$5:C$80)
 +SUMIF(Hole!$A$5:$A$80,$A5,Hole!C$5:C$80)
 +SUMIF(Bangle!$A$5:$A$80,$A5,Bangle!C$5:C$80)
```

ಈ ನಂಬರಿನವರಿಗೆ ಆ ದಿನ ಮೂರೂ ಡಿವಿಷನ್‌ಗಳಲ್ಲಿ ಎಷ್ಟಿದೆಯೋ ಅದನ್ನು ಕೂಡಿಸು ಅಂತ ಇದರ ಅರ್ಥ. ಬೆಳಿಗ್ಗೆ ಬಾಣೆಯಲ್ಲಿ ಅರ್ಧ, ಮಧ್ಯಾಹ್ನ ಹೊಳೆಯಲ್ಲಿ ಅರ್ಧ ದುಡಿದವರಿಗೆ ತಾನಾಗಿ 1 ಆಗುತ್ತದೆ.

ಇಲ್ಲಿ ಎರಡೇ ಪರೀಕ್ಷೆ. ಮೊದಲನೆಯದು, ಯಾವ ಮನೆಯಲ್ಲೂ 1ಕ್ಕಿಂತ ಜಾಸ್ತಿ ಇರಬಾರದು:

```
=COUNTIF(C5:AG160,">1")
```

ಇದು ಸೊನ್ನೆಯಾಗದಿದ್ದರೆ ಒಬ್ಬರನ್ನು ಒಂದೇ ದಿನ ಎರಡು ಕಡೆ ಹಾಜರಿ ಹಾಕಿದ್ದಾರೆ. ಡಿಸೆಂಬರಿನಿಂದ ರೋಬಸ್ಟಾ ಕುಯ್ಲು ಶುರುವಾದ ಮೇಲೆ ಇದು ಪದೇ ಪದೇ ಬರುತ್ತದೆ. ಆಳನ್ನು ಕಳಿಸಿದ ರೈಟರ್ ತನ್ನ ಹಾಳೆಯಲ್ಲೂ 1 ಹಾಕಿರುತ್ತಾರೆ, ಬರಮಾಡಿಕೊಂಡವರೂ ಹಾಕಿರುತ್ತಾರೆ. ಯಾರ ಮೇಲೂ ಅನುಮಾನ ಬೇಡ, ಇಬ್ಬರನ್ನೂ ಒಟ್ಟಿಗೆ ಕೇಳಿ.

ಎರಡನೆಯದು, ಮೂರು ಡಿವಿಷನ್‌ಗಳ ಒಟ್ಟು ಮತ್ತು ಇಲ್ಲಿಯ ಒಟ್ಟು ಒಂದೇ ಆಗಬೇಕು. ನಾಲ್ಕೂ ಹಾಳೆಗಳ AH2ರಲ್ಲಿ AH ಕಾಲಂನ ಪೂರ್ತಿ ಮೊತ್ತ ಇದೆ.

```
=Bane!AH2+Hole!AH2+Bangle!AH2-Ottu!AH2
```

ಉತ್ತರ 19 ಅಂತ ಬಂದಿತು ಅನ್ನಿ. ಡಿವಿಷನ್ ಹಾಳೆಯಲ್ಲಿ ಇರುವ ಯಾರೋ ಒಬ್ಬರ 19 ದಿನ `Ottu`ವಿಗೆ ಬಂದಿಲ್ಲ. ಹೆಚ್ಚಾಗಿ ತಿಂಗಳ ಮಧ್ಯೆ ಸೇರಿದ ಹೊಸಬರು. ರೈಟರ್ ಹಾಳೆಯ ಕೊನೆಯಲ್ಲಿ ಕೈಯಲ್ಲಿ ಬರೆದಿರುತ್ತಾರೆ, ನಾವು ಡಿವಿಷನ್ ಹಾಳೆಗೆ ಸೇರಿಸಿ `Patti`ಗೂ `Ottu`ವಿಗೂ ಸೇರಿಸಲು ಮರೆತಿರುತ್ತೇವೆ. ಇದನ್ನು ಬಿಟ್ಟರೆ ಅವರಿಗೆ ಆ ತಿಂಗಳ ಸಂಬಳವೇ ಆಗುವುದಿಲ್ಲ. ಹೊಸಬರು, ದೂರದ ಊರಿನಿಂದ ಬಂದವರು, ಭಾಷೆಯೂ ಬರದವರು ಆಫೀಸಿಗೆ ಬಂದು ಕೇಳಲು ಹಿಂಜರಿಯುತ್ತಾರೆ. ಈ ಒಂದು ಸಂಖ್ಯೆಯನ್ನು ಎರಡು ಸಲ ನೋಡಿ. ಉತ್ತರ ಮೈನಸ್ ಬಂದರೆ `Ottu`ವಿನ A ಕಾಲಂನಲ್ಲಿ ಒಂದೇ ನಂಬರ್ ಎರಡು ಸಲ ಇದೆ.

7. ಕೊಟ್ಟ ಮೇಲೆ

ಅಕೌಂಟೆಂಟ್‌ಗೆ ಕೊಡುವ ಮೊದಲು ಫೈಲನ್ನೂ ಎಲ್ಲ ಚಿತ್ರಗಳನ್ನೂ ತಿಂಗಳ ಹೆಸರಿನ ಫೋಲ್ಡರ್‌ನಲ್ಲಿ ಹಾಕಿ, ಪೆನ್‌ಡ್ರೈವ್‌ಗೆ ಒಂದು ಪ್ರತಿ ಮಾಡಿ. ಕಾಗದದ ಹಾಳೆಗಳನ್ನು ಡಿವಿಷನ್ ಪ್ರಕಾರ ದಾರ ಕಟ್ಟಿ ಕಬ್ಬಿಣದ ಬೀರುವಿನಲ್ಲಿಡಿ, ಮರದ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತದೆ.

ಅದೇ ದಿನ ಹೊಸ ತಿಂಗಳ ಹಾಳೆ ಪ್ರಿಂಟ್ ಮಾಡಬೇಕು. ರೈಟರ್‌ಗಳು 1ನೇ ತಾರೀಕಿನಿಂದ ತಾತ್ಕಾಲಿಕವಾಗಿ ಬರೆದಿಟ್ಟ ಹಾಜರಿಯನ್ನು ಅದಕ್ಕೆ ಇಳಿಸಿಕೊಳ್ಳುತ್ತಾರೆ. ಹೊಸಬರನ್ನು ಮಾದರಿ ಫೈಲಿನ `Patti`, ಡಿವಿಷನ್ ಹಾಳೆ, `Ottu` ಮೂರಕ್ಕೂ ಸೇರಿಸಿ, ಯಾವಾಗಲೂ ಕೆಳಗಡೆ. ಪ್ರಿಂಟ್ ಆದ ಮೇಲೆ ಡಿವಿಷನ್ ಹಾಳೆಯನ್ನು ಹೆಸರಿನ ಪ್ರಕಾರವಾಗಲಿ ನಂಬರಿನ ಪ್ರಕಾರವಾಗಲಿ ಮತ್ತೆ ಜೋಡಿಸಬೇಡಿ. ನಾವು ಅಂಕಿಯ ಚೌಕವನ್ನು ಮಾತ್ರ ತಂದು ಇಳಿಸುವುದರಿಂದ ಕಾಗದದ ಸಾಲಿನ ಕ್ರಮ ಮತ್ತು ಎಕ್ಸೆಲ್ ಸಾಲಿನ ಕ್ರಮ ಒಂದೇ ಇರಬೇಕು.

ಫೆಬ್ರವರಿಗೆ 28 ದಿನ. AE, AF, AG ಕಾಲಂಗಳನ್ನು ಖಾಲಿ ಬಿಟ್ಟು ಮರೆಮಾಡಿ, ಅಳಿಸಬೇಡಿ. ಎರಡನೇ ಹಾಳೆಯಲ್ಲಿ 13 ಕಾಲಂ ಬರುತ್ತದೆ, AK 28 ತೋರಿಸಬೇಕು. ಹೊಳೆಯ ರೈಟರ್‌ಗೆ ಹಾಳೆ ಕೊಡುವಾಗ ಭಾನುವಾರದ ಕಾಲಂಗೆ ಸೊನ್ನೆ ಹಾಕಲು ಇನ್ನೊಮ್ಮೆ ಹೇಳಿ.